ಕುಗ್ಗುವ ಸೂರ್ಯ ಮತ್ತು ಒಂದು ಮಾದರಿ ಲೆಕ್ಕ

ಕಳೆದ ಡಿಸೆಂಬರಿನಲ್ಲಿ ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ನಾಲ್ಕು ದಿನ ಇದ್ದೆ. ಪಕ್ಕದ ಮನೆಯ ಹುಡುಗಿ ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಒಂದು ಸಂಜೆ ನೋಟ್‌ಬುಕ್ ಹಿಡಿದುಕೊಂಡು ಬಂದು, "ಸರ್, ಉತ್ತರ ಸರಿ ಬಂತು. ಆದ್ರೆ ಇಷ್ಟು ಜೋರಾಗಿ ತಿರುಗಿದ್ರೆ ನಕ್ಷತ್ರ ಚೂರಾಗೋದಿಲ್ವಾ?" ಎಂದು ಕೇಳಿದಳು. ಅವಳ ಕೈಯಲ್ಲಿದ್ದುದು ನೀವೆಲ್ಲ ಒಮ್ಮೆಯಾದರೂ ಬಿಡಿಸಿರುವ, ಇಲ್ಲವೇ ತರಗತಿಯಲ್ಲಿ ಬಿಡಿಸಿ ತೋರಿಸಿರುವ ಲೆಕ್ಕ. ಕೋನೀಯ ಸಂವೇಗ ಸಂರಕ್ಷಣೆಯ ಪಾಠದ ಕೊನೆಯಲ್ಲಿ ತಪ್ಪದೆ ಬರುವಂಥದು. ಅವಳ ಪ್ರಶ್ನೆಯನ್ನು ಹಿಡಿದುಕೊಂಡು ಆ ಲೆಕ್ಕವನ್ನೇ ಸ್ವಲ್ಪ ಪರೀಕ್ಷಿಸಬೇಕೆನ್ನಿಸಿತು.

ಲೆಕ್ಕ ಹೀಗಿರುತ್ತದೆ: ಸೂರ್ಯನ ತ್ರಿಜ್ಯ 7 ಲಕ್ಷ ಕಿಲೋಮೀಟರ್. ಅದು ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗಲು 25 ದಿನ ಬೇಕು. ದ್ರವ್ಯರಾಶಿ ಬದಲಾಗದೆ ಅದು 10 ಕಿಲೋಮೀಟರ್ ತ್ರಿಜ್ಯದ ನ್ಯೂಟ್ರಾನ್ ನಕ್ಷತ್ರವಾಗಿ ಕುಗ್ಗಿದರೆ ಹೊಸ ಭ್ರಮಣಾವಧಿ ಎಷ್ಟು? ಹೊರಗಿನಿಂದ ತಿರುಚುಬಲವಿಲ್ಲದಿದ್ದರೆ Iω ಬದಲಾಗುವುದಿಲ್ಲ. ಗೋಳದ ಜಡತ್ವ ಭ್ರಾಮಕ I = (2/5)MR². ಎರಡೂ ಕಡೆ 2/5 ಮತ್ತು M ಹೊಡೆದುಹೋಗಿ ಉಳಿಯುವುದು ಇಷ್ಟೇ:

T₂ = T₁ (R₂/R₁)²

25 ದಿನವೆಂದರೆ ಸುಮಾರು 21.6 ಲಕ್ಷ ಸೆಕೆಂಡು. ತ್ರಿಜ್ಯ 70,000 ಪಟ್ಟು ಕಡಿಮೆಯಾಗಿದೆ. ಅದರ ವರ್ಗ 490 ಕೋಟಿ. ಭಾಗಿಸಿದರೆ 0.00044 ಸೆಕೆಂಡು, ಅಂದರೆ 0.44 ಮಿಲಿಸೆಕೆಂಡು. ಸೆಕೆಂಡಿಗೆ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ಸುತ್ತು! ಉತ್ತರದ ಕೆಳಗೆ ಎರಡು ಗೆರೆ ಎಳೆದು, ಪಲ್ಸಾರ್‌ಗಳು ವೇಗವಾಗಿ ತಿರುಗಲು ಇದೇ ಕಾರಣ ಎಂದು ಒಂದು ವಾಕ್ಯ ಸೇರಿಸಿ ಮುಂದೆ ಹೋಗುತ್ತೇವೆ.

ಹುಡುಗಿ ಅಲ್ಲಿ ನಿಲ್ಲಲಿಲ್ಲ. ನಾವೂ ನಿಲ್ಲಬಾರದಿತ್ತು. 10 ಕಿಲೋಮೀಟರ್ ತ್ರಿಜ್ಯದ ಗೋಳದ ಸಮಭಾಜಕ ವೃತ್ತ ಸುಮಾರು 63 ಕಿಲೋಮೀಟರ್. ಅದನ್ನು 0.44 ಮಿಲಿಸೆಕೆಂಡಿನಲ್ಲಿ ಸುತ್ತಬೇಕಾದರೆ ಅಲ್ಲಿಯ ವಸ್ತುವಿನ ವೇಗ ಸೆಕೆಂಡಿಗೆ 1,43,000 ಕಿಲೋಮೀಟರ್, ಬೆಳಕಿನ ವೇಗದ ಹತ್ತಿರ ಹತ್ತಿರ ಅರ್ಧ. ಇದನ್ನು ಗುರುತ್ವ ಹಿಡಿದಿಡಬಲ್ಲುದೇ? ನೋಡಲು ಹೊಸ ಸೂತ್ರವೇನೂ ಬೇಡ. ನಕ್ಷತ್ರದ ಮೇಲ್ಮೈಯನ್ನು ಸವರಿಕೊಂಡು ಹೋಗುವ ಉಪಗ್ರಹವೊಂದಿದ್ದರೆ ಅದರ ಪರಿಭ್ರಮಣಾವಧಿ ಎಷ್ಟೋ, ಅದಕ್ಕಿಂತ ಬೇಗ ನಕ್ಷತ್ರ ತಿರುಗಲಾರದು. ತಿರುಗಿದರೆ ಸಮಭಾಜಕದ ವಸ್ತು ಹಾರಿಹೋಗುತ್ತದೆ. ಆ ಅವಧಿ 2π√(R³/GM). R ಗೆ 10,000 ಮೀಟರ್, M ಗೆ ಸೂರ್ಯನ ದ್ರವ್ಯರಾಶಿ ಹಾಕಿ ನೋಡಿ. 0.54 ಮಿಲಿಸೆಕೆಂಡು ಬರುತ್ತದೆ. ವೇಗವಾಗಿ ತಿರುಗುವ ಗೋಳ ನಡುವೆ ಉಬ್ಬುವುದರಿಂದ ನಿಜವಾದ ಮಿತಿ ಇದಕ್ಕಿಂತಲೂ ದೀರ್ಘವಾಗಿರುತ್ತದೆ. ನಮ್ಮ ಉತ್ತರವೋ 0.44. ಅಂದರೆ ಲೆಕ್ಕ ಹೇಳುವ ನಕ್ಷತ್ರ ಇರಲು ಸಾಧ್ಯವೇ ಇಲ್ಲ. ಹುಡುಗಿ ಹೇಳಿದ್ದೇ ಸರಿ.

ಹಾಗಾದರೆ ತಪ್ಪಿದ್ದೆಲ್ಲಿ? ಸಂರಕ್ಷಣಾ ನಿಯಮದಲ್ಲಿ ಅಲ್ಲ. ನಾವು ಯೋಚಿಸದೆ ಹೊಡೆದುಹಾಕಿದ ಆ 2/5 ರಲ್ಲಿ.

2/5 ಎನ್ನುವುದು ಎಲ್ಲೆಡೆ ಒಂದೇ ಸಾಂದ್ರತೆಯ ಗೋಳಕ್ಕೆ ಸಲ್ಲುವ ಸಂಖ್ಯೆ. ಸೂರ್ಯ ಅಂಥ ಗೋಳವಲ್ಲ. ಅದರ ದ್ರವ್ಯರಾಶಿಯ ಬಹುಪಾಲು ನಡುವಿನಲ್ಲಿ ಅಡಕವಾಗಿದೆ. ಹೊರಭಾಗ ತೀರ ತೆಳು. ನಡುವಿಗೆ ಹತ್ತಿರವಿರುವ ವಸ್ತು ಜಡತ್ವ ಭ್ರಾಮಕಕ್ಕೆ ಕೊಡುವ ಪಾಲು ಕಡಿಮೆ. ಹಾಗಾಗಿ ಸೂರ್ಯನಿಗೆ 0.4 ರ ಬದಲು ಸುಮಾರು 0.07 ಹಾಕಬೇಕು. ನ್ಯೂಟ್ರಾನ್ ನಕ್ಷತ್ರದಲ್ಲಿ ಸಾಂದ್ರತೆ ಒಳಗಿನಿಂದ ಹೊರಗೆ ಅಷ್ಟಾಗಿ ಇಳಿಯುವುದಿಲ್ಲ, ಅಲ್ಲಿ 0.35 ರ ಆಸುಪಾಸು ಸರಿ. ಎರಡರ ಅನುಪಾತ 5. ಭ್ರಮಣಾವಧಿಯನ್ನು 5 ರಿಂದ ಗುಣಿಸಿದರೆ 2.2 ಮಿಲಿಸೆಕೆಂಡು. ಈಗ ನಕ್ಷತ್ರ ಒಡೆಯುವುದಿಲ್ಲ. ಸೂರ್ಯ ಒಳಗೂ ಹೊರಗೂ ಒಂದೇ ವೇಗದಲ್ಲಿ ತಿರುಗುತ್ತದೆ ಎಂದು ಇಲ್ಲಿಯೂ ಭಾವಿಸಿದ್ದೇವೆ. ಈ ಮಟ್ಟದ ಅಂದಾಜಿಗೆ ಅದು ದೊಡ್ಡ ದೋಷವಲ್ಲ. ಒಂದು ಗುಣಾಂಕ ಎರಡೂ ಕಡೆ ಇದೆಯೆಂದು ಹೊಡೆದುಹಾಕುವ ಮುನ್ನ ಅದು ಎರಡೂ ಕಡೆ ಒಂದೇ ಸಂಖ್ಯೆಯೇ ಎಂದು ಕೇಳದಿದ್ದುದೇ ಇಲ್ಲಿ ಆದ ಎಡವಟ್ಟು.

ಎರಡನೆಯ ಆಕ್ಷೇಪಣೆ ಇನ್ನೂ ಗಂಭೀರವಾದದ್ದು. ಸೂರ್ಯ ನ್ಯೂಟ್ರಾನ್ ನಕ್ಷತ್ರ ಆಗುವುದಿಲ್ಲ, ಶ್ವೇತಕುಬ್ಜವಾಗುತ್ತದೆ. ಇದು ಬರಿಯ ಉದಾಹರಣೆಯಲ್ಲವೇ ಎಂದು ನೀವು ಕೇಳಬಹುದು. ಆದರೆ ಉದಾಹರಣೆ ಹಾಗಿರುವುದರಿಂದಲೇ ಒಂದು ತಪ್ಪು ಚಿತ್ರ ಮನಸ್ಸಿನಲ್ಲಿ ಉಳಿಯುತ್ತದೆ: ಇಡೀ ನಕ್ಷತ್ರ ತನ್ನೆಲ್ಲ ಕೋನೀಯ ಸಂವೇಗವನ್ನು ಕಟ್ಟಿಕೊಂಡು ಒಳಕ್ಕೆ ಕುಸಿಯುತ್ತದೆ ಎಂಬ ಚಿತ್ರ. ನಿಜವಾಗಿ ಕುಸಿಯುವುದು ಸೂರ್ಯನ ಎಂಟು ಪಟ್ಟಿಗಿಂತ ಹೆಚ್ಚು ತೂಗುವ ನಕ್ಷತ್ರದ ಕಬ್ಬಿಣದ ತಿರುಳು ಮಾತ್ರ. ಅದರ ತ್ರಿಜ್ಯ ಸಾವಿರ, ಎರಡು ಸಾವಿರ ಕಿಲೋಮೀಟರ್. ದ್ರವ್ಯರಾಶಿ ಸೂರ್ಯನದಕ್ಕಿಂತ ತುಸು ಹೆಚ್ಚು. ಕುಸಿತ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಅಷ್ಟು ಕಡಿಮೆ ಸಮಯದಲ್ಲಿ ತಿರುಳು ತನ್ನ ಕೋನೀಯ ಸಂವೇಗವನ್ನು ಹೊರಗಿನ ಪದರಗಳಿಗೆ ಹೆಚ್ಚಾಗಿ ದಾಟಿಸಲಾರದು. ಆದ್ದರಿಂದ ಸಂರಕ್ಷಣೆಯ ಲೆಕ್ಕ ಆ ಒಂದು ಸೆಕೆಂಡಿಗೆ ಚೆನ್ನಾಗಿ ಸಲ್ಲುತ್ತದೆ. ಅದಕ್ಕೆ ಹಿಂದಿನ ಲಕ್ಷಾಂತರ ವರ್ಷಗಳಿಗೆ ಸಲ್ಲುವುದಿಲ್ಲ. ಆ ಅವಧಿಯಲ್ಲಿ ತಿರುಳು ನಿಧಾನವಾಗಿ ಕುಗ್ಗುತ್ತಿರುತ್ತದೆ, ಹೊರಪದರ ಹಿಗ್ಗುತ್ತಿರುತ್ತದೆ, ಎರಡನ್ನೂ ಕಾಂತಕ್ಷೇತ್ರ ಹೊಲಿದಿರುತ್ತದೆ. ಬೇಗ ತಿರುಗುವ ತಿರುಳನ್ನು ನಿಧಾನ ತಿರುಗುವ ಹೊರಪದರ ಜಗ್ಗಿ ಹಿಡಿಯುತ್ತದೆ. ಕೆಪ್ಲರ್ ದೂರದರ್ಶಕ ಕೆಂಪು ದೈತ್ಯ ನಕ್ಷತ್ರಗಳ ಕಂಪನಗಳನ್ನು ದಾಖಲಿಸಿದ ಮೇಲೆ, ಅವುಗಳ ತಿರುಳು ಹೊರಪದರಕ್ಕಿಂತ ವೇಗವಾಗಿ ತಿರುಗುತ್ತದೆ, ಆದರೆ ಸಿದ್ಧಾಂತ ನಿರೀಕ್ಷಿಸಿದ್ದಕ್ಕಿಂತ ಬಹಳ ನಿಧಾನವಾಗಿ ಎಂದು ತಿಳಿದುಬಂತು. ಅವು ಹಗುರ ನಕ್ಷತ್ರಗಳು, ನಿಜ. ಆದರೂ ತಿರುಳಿನ ಸಂವೇಗ ಹೊರಗೆ ಸೋರಿಹೋಗುತ್ತದೆ ಎಂಬುದಕ್ಕೆ ಸಾಕ್ಷಿ.

ಆದಕಾರಣ ಲೆಕ್ಕವನ್ನು ಹಿಂದುಮುಂದಾಗಿ ಮಾಡುವುದು ಲೇಸು. ಬಿಳಿಚೋಡಿನಲ್ಲಿ ಡಿಸೆಂಬರ್ ನಡುವಿನ ಮಧ್ಯರಾತ್ರಿ ವೃಷಭ ರಾಶಿ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ. ಅದರ ಒಂದು ಕೊಂಬಿನ ತುದಿಯ ಬಳಿ, ಬರಿಗಣ್ಣಿಗೆ ಕಾಣದಂತೆ, ಏಡಿ ನೀಹಾರಿಕೆ ಇದೆ. 1054 ರಲ್ಲಿ ಚೀನಾದವರು ಕಂಡು ಬರೆದಿಟ್ಟ ಸೂಪರ್‌ನೋವಾದ ಅವಶೇಷ ಅದು. ಅದರ ನಡುವಿನ ಪಲ್ಸಾರ್ ಈಗ 33 ಮಿಲಿಸೆಕೆಂಡಿಗೆ ಒಂದು ಸುತ್ತು ತಿರುಗುತ್ತದೆ. ದಿನಕ್ಕೆ ಒಂದು ಸೆಕೆಂಡಿನ ಕೋಟಿಯಲ್ಲಿ ಮೂರರಿಂದ ನಾಲ್ಕು ಭಾಗದ ಹತ್ತನೆಯ ಒಂದರಷ್ಟು, ಅಂದರೆ 36 ನ್ಯಾನೊಸೆಕೆಂಡು, ನಿಧಾನವಾಗುತ್ತಿದೆ. ವಯಸ್ಸು ಗೊತ್ತಿದೆ, ನಿಧಾನವಾಗುವ ದರ ಗೊತ್ತಿದೆ. ಹಿಂದಕ್ಕೆ ಎಣಿಸಿದರೆ ಹುಟ್ಟಿದಾಗ ಅದು 16 ರಿಂದ 20 ಮಿಲಿಸೆಕೆಂಡಿಗೆ ಒಂದು ಸುತ್ತು ತಿರುಗುತ್ತಿದ್ದಿರಬೇಕು. 20 ಎಂದಿಟ್ಟುಕೊಳ್ಳಿ. 1,500 ಕಿಲೋಮೀಟರಿನ ತಿರುಳು 10 ಕ್ಕೆ ಕುಗ್ಗಿದ್ದರೆ ತ್ರಿಜ್ಯದ ಅನುಪಾತ 150, ವರ್ಗ 22,500. ಆದ್ದರಿಂದ ಕುಸಿಯುವ ಮುನ್ನ ತಿರುಳು ಸುಮಾರು 450 ಸೆಕೆಂಡಿಗೆ, ಏಳೂವರೆ ನಿಮಿಷಕ್ಕೆ, ಒಂದು ಸುತ್ತು ತಿರುಗುತ್ತಿತ್ತು. (ಇಲ್ಲಿಯೂ ಆ ಗುಣಾಂಕ ಎರಡು ಕಡೆ ಬೇರೆ ಬೇರೆ ಎಂಬುದನ್ನು ಮರೆಯಬೇಡಿ. ತಿದ್ದಿದರೆ ಅವಧಿ ಇನ್ನೂ ಕಡಿಮೆಯಾದೀತು.) ಯಾರೂ ಕಣ್ಣಾರೆ ಕಾಣಲಾರದ ಒಂದು ತಿರುಳಿನ ಬಗ್ಗೆ ಹೀಗೆ ಒಂದು ಸಂಖ್ಯೆ ದೊರೆಯುತ್ತದೆ.

ಮಾದರಿ ಲೆಕ್ಕದ ಕೊನೆಗೆ ಸೇರಿಸುವ ಆ ವಾಕ್ಯ, ಪಲ್ಸಾರ್‌ಗಳ ವೇಗಕ್ಕೆ ಕುಗ್ಗುವಿಕೆಯೇ ಕಾರಣ ಎನ್ನುವುದು, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ನಮ್ಮ ಬೆಂಗಳೂರಿನದೇ ಒಂದು ಪ್ರಸಂಗವಿದೆ. 1982 ರಲ್ಲಿ ಡಾನ್ ಬ್ಯಾಕರ್ ಮತ್ತು ಸಂಗಡಿಗರು ಅರೆಸಿಬೊ ದೂರದರ್ಶಕದಲ್ಲಿ 1.56 ಮಿಲಿಸೆಕೆಂಡಿನ ಪಲ್ಸಾರ್ ಕಂಡರು. ಸೆಕೆಂಡಿಗೆ 642 ಸುತ್ತು. ಹುಬ್ಬಳ್ಳಿಯಲ್ಲಿ ಶಾಲೆ ಕಲಿತು ಆಗ ಬರ್ಕ್ಲಿಯಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಶ್ರೀನಿವಾಸ ಕುಲಕರ್ಣಿಯವರೂ ಆ ತಂಡದಲ್ಲಿದ್ದರು. ನಮ್ಮ ಮಾದರಿ ಲೆಕ್ಕವನ್ನು ನಂಬಿದವರು ಏನು ಹೇಳುತ್ತಾರೆ? ಇಷ್ಟು ವೇಗವೆಂದರೆ ಈಗಷ್ಟೇ ಕುಸಿದು ಹುಟ್ಟಿದ್ದು ಎನ್ನುತ್ತಾರೆ. ಆದರೆ ಅದರ ಸುತ್ತ ಸೂಪರ್‌ನೋವಾದ ಅವಶೇಷವಿರಲಿಲ್ಲ. ಎಳೆಯ ಪಲ್ಸಾರ್ ಆಗಿದ್ದರೆ ಏಡಿಯದಕ್ಕಿಂತ ಬಿರುಸಾಗಿ ಶಕ್ತಿ ಚೆಲ್ಲಿ ಸುತ್ತಲಿನ ಅನಿಲವನ್ನು ಬೆಳಗಿಸಬೇಕಿತ್ತು, ಅದೂ ಇಲ್ಲ. ಅಳೆದು ನೋಡಿದರೆ ಅದು ನಿಧಾನವಾಗುವ ದರ ಏಡಿ ಪಲ್ಸಾರಿನ ದರದ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅವಧಿಯನ್ನು ಆ ದರದ ಎರಡರಷ್ಟರಿಂದ ಭಾಗಿಸಿದರೆ ಸಿಗುವ ಅಂದಾಜು ವಯಸ್ಸು ಇಪ್ಪತ್ತು ಕೋಟಿ ವರ್ಷ ಮೀರುತ್ತದೆ. ಮುದುಕ, ಆದರೆ ಹುಡುಗನ ಓಟ!

ರಾಮನ್ ಸಂಶೋಧನಾ ಸಂಸ್ಥೆಯ ವಿ. ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಅದೇ ವರ್ಷ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಸೂಚಿಸಿದರು. ಅಮೆರಿಕದಲ್ಲಿ ಆಲ್ಪರ್ ಮತ್ತು ಸಂಗಡಿಗರೂ ಬೇರೆಯಾಗಿ ಅದೇ ದಾರಿ ಹಿಡಿದಿದ್ದರು. ಈ ವೇಗ ಹುಟ್ಟಿನದಲ್ಲ, ಆಮೇಲೆ ಪಡೆದದ್ದು ಎಂಬುದು ಅವರ ವಾದ. ದುರ್ಬಲ ಕಾಂತಕ್ಷೇತ್ರದ ಹಳೆಯ ನ್ಯೂಟ್ರಾನ್ ನಕ್ಷತ್ರಕ್ಕೆ ಸಂಗಾತಿ ನಕ್ಷತ್ರವೊಂದರಿಂದ ಅನಿಲ ಹರಿದುಬರುತ್ತದೆ. ಅನಿಲ ನೇರವಾಗಿ ಬೀಳದೆ ಸುತ್ತುತ್ತ ಬೀಳುವುದರಿಂದ ಕಕ್ಷೆಯ ಕೋನೀಯ ಸಂವೇಗದ ಒಂದು ಭಾಗವನ್ನೂ ಹೊತ್ತು ತರುತ್ತದೆ. ನಕ್ಷತ್ರ ಮತ್ತೆ ಚುರುಕಾಗುತ್ತದೆ.

ಎಷ್ಟು ಅನಿಲ ಬೇಕು? ಅದೇ ನಿಯಮದಿಂದ ಎಣಿಸಬಹುದು. ಸೂರ್ಯನ 1.4 ಪಟ್ಟು ತೂಗುವ ನ್ಯೂಟ್ರಾನ್ ನಕ್ಷತ್ರದ ಜಡತ್ವ ಭ್ರಾಮಕ ಸುಮಾರು 10³⁸ kg m². 1.56 ಮಿಲಿಸೆಕೆಂಡಿನ ಭ್ರಮಣೆಗೆ ಅದರ ಕೋನೀಯ ಸಂವೇಗ 4 × 10⁴¹ kg m²/s. ಮೇಲ್ಮೈಯ ಬಳಿ ಸುತ್ತುವ ಒಂದು ಕಿಲೋಗ್ರಾಂ ಅನಿಲ ತರುವುದು √(GMR), ಅಂದರೆ 1.4 × 10¹². ಭಾಗಿಸಿದರೆ 3 × 10²⁹ ಕಿಲೋಗ್ರಾಂ, ಸೂರ್ಯನ ದ್ರವ್ಯರಾಶಿಯ ಏಳನೆಯ ಒಂದು ಭಾಗದಷ್ಟು. ಇಂಥ ನಕ್ಷತ್ರ ವರ್ಷಕ್ಕೆ ಸೂರ್ಯನ ಹತ್ತು ಕೋಟಿಯಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಅನಿಲ ನುಂಗಲಾರದು. ನುಂಗಿದರೆ ಹೊಮ್ಮುವ ವಿಕಿರಣವೇ ಅನಿಲವನ್ನು ಹೊರದಬ್ಬುತ್ತದೆ. ಹಾಗಾಗಿ ಕನಿಷ್ಠ ಒಂದೂವರೆ ಕೋಟಿ ವರ್ಷ ಬೇಕು. ನಕ್ಷತ್ರ ಅಷ್ಟು ಹಳೆಯದೆಂದು ಆಗಲೇ ಕಂಡಿದ್ದೆವಲ್ಲ.

ಒಂದು ತೊಡಕು ಉಳಿದಿದೆ. ಆ ಪಲ್ಸಾರಿಗೆ ಈಗ ಸಂಗಾತಿ ಇಲ್ಲ, ಅದು ಒಂಟಿ. ಸಂಗಾತಿ ಹೇಗೆ ಮಾಯವಾಯಿತೆಂಬುದು ಇಂದಿಗೂ ಚರ್ಚೆಯ ವಿಷಯ. ಆದರೆ ಸಂಗಾತಿಯುಳ್ಳ ಇಂಥ ಪಲ್ಸಾರ್‌ಗಳು ಆಮೇಲೆ ಬಹಳ ಸಿಕ್ಕವು. 1998 ರಲ್ಲಿ, ಇನ್ನೂ ಅನಿಲ ಹೀರುತ್ತಿರುವಾಗಲೇ ಸೆಕೆಂಡಿಗೆ 401 ಸುತ್ತು ತಿರುಗುವ ನಕ್ಷತ್ರವೊಂದು ಕ್ಷ-ಕಿರಣದಲ್ಲಿ ಕಾಣಿಸಿತು.

ಹುಡುಗಿಯ ನೋಟ್‌ಬುಕ್ಕಿನಲ್ಲಿ ಆ ಹಳೆಯ ಲೆಕ್ಕದ ಕೆಳಗೆ ನಾನು ಬರೆದುಕೊಟ್ಟದ್ದು ಇದು. ನಿಮ್ಮ ತರಗತಿಯಲ್ಲೂ ಕೊಟ್ಟು ನೋಡಬಹುದು. 1,500 ಕಿಲೋಮೀಟರ್ ತ್ರಿಜ್ಯದ, 10 ನಿಮಿಷಕ್ಕೊಂದು ಸುತ್ತು ತಿರುಗುವ ತಿರುಳು 10 ಕಿಲೋಮೀಟರಿಗೆ ಕುಗ್ಗಿದರೆ ಹೊಸ ಅವಧಿ ಎಷ್ಟು? ಅದು ಒಡೆಯುವ ಮಿತಿಯೊಳಗಿದೆಯೇ? ತಿರುಳಿನ ಗುಣಾಂಕ 0.1, ನ್ಯೂಟ್ರಾನ್ ನಕ್ಷತ್ರದ್ದು 0.35 ಆದರೆ ಉತ್ತರ ಎಷ್ಟು ಬದಲಾಗುತ್ತದೆ? ಮೊದಲ ಉತ್ತರ 27 ಮಿಲಿಸೆಕೆಂಡು. ಮೂರನೆಯದನ್ನು ಅವಳು ನನಗಿಂತ ಮೊದಲೇ ಎಣಿಸಿ 93 ಎಂದು ಹೇಳಿದಳು.