ಅಕ್ಕಿಹಿಟ್ಟಿನ ಮೇಲೆ ಅತಿಯಾದ ಭರವಸೆ

ಅಟ್ಲಾಂಟಾದಲ್ಲಾಗಲಿ, ವಾಷಿಂಗ್ಟನ್ ಸುತ್ತಿನ ವರ್ಜೀನಿಯಾ, ಮೇರಿಲ್ಯಾಂಡ್ ಊರುಗಳಲ್ಲಾಗಲಿ, ರಾಲಿ, ಶಾರ್ಲಟ್‌ಗಳಲ್ಲಾಗಲಿ, ಕನ್ನಡದವರ ಮನೆಯಲ್ಲಿ ಬಜ್ಜಿ ಮೆತ್ತಗಾಯಿತು ಅಂದರೆ ಸಿಗುವ ಸಲಹೆ ಒಂದೇ: “ಇನ್ನೊಂದಿಷ್ಟು ಅಕ್ಕಿಹಿಟ್ಟು ಹಾಕ್ರೀ.” ಮುಂದಿನ ಸಲ ಹಾಕುತ್ತಾರೆ. ಆಗಲೂ ಸರಿಹೋಗದಿದ್ದರೆ ಇನ್ನೂ ಹಾಕುತ್ತಾರೆ. ಕೊನೆಗೆ ಕಡಲೆಹಿಟ್ಟಿಗೆ ಸಮಸಮ ಅಕ್ಕಿಹಿಟ್ಟು ಎಂಬಲ್ಲಿಗೆ ಬಂದು ನಿಂತು, ಅದನ್ನೇ ಸೂತ್ರ ಎಂದು ಹೊಸದಾಗಿ ಬಂದವರಿಗೂ ಹೇಳಿಕೊಡುತ್ತಾರೆ. ಈ ಸೂತ್ರವನ್ನು ನಾನು ಒಪ್ಪುವುದಿಲ್ಲ. ಒಂದು ಮಟ್ಟ ದಾಟಿದ ಮೇಲೆ ಅಕ್ಕಿಹಿಟ್ಟು ಕೊಡುವುದು ಗಟ್ಟಿತನವನ್ನು, ಗರಿಯನ್ನಲ್ಲ. ಬಜ್ಜಿ ಮೆತ್ತಗಾಗುವುದು ಹೆಚ್ಚಾಗಿ ನೀರಿನಿಂದ, ಅದಕ್ಕೆ ಹಿಟ್ಟನ್ನು ದೂರಿ ಪ್ರಯೋಜನವಿಲ್ಲ.

ಮೊದಲು ಅಳತೆಯ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಅರ್ಧ ಗೊಂದಲ ಹುಟ್ಟುವುದು ಅಲ್ಲೇ. ಅಮೆರಿಕದ ಅಡುಗೆಮನೆಯಲ್ಲಿ ಎಲ್ಲವೂ ಕಪ್ಪಿನ ಲೆಕ್ಕ. ಅಲ್ಲಿನ ಕೃಷಿ ಇಲಾಖೆಯ ಆಹಾರ ಪಟ್ಟಿಯ ಪ್ರಕಾರ ಒಂದು ಕಪ್ಪು ಕಡಲೆಹಿಟ್ಟು 92 ಗ್ರಾಂ ತೂಗಿದರೆ, ಒಂದು ಕಪ್ಪು ಅಕ್ಕಿಹಿಟ್ಟು 158 ಗ್ರಾಂ ತೂಗುತ್ತದೆ. ಅಂದರೆ ಕಪ್ಪಿನಲ್ಲಿ ಸಮಸಮ ಹಾಕಿದವರ ಬಟ್ಟಲಲ್ಲಿ ಕಡಲೆಹಿಟ್ಟು ಐದರಲ್ಲಿ ಎರಡು ಪಾಲೂ ಇರುವುದಿಲ್ಲ. ಅವರು ಕರಿಯುತ್ತಿರುವುದು ಅಕ್ಕಿಹಿಟ್ಟಿನ ಬಜ್ಜಿ! ನಾಲ್ಕು ಕಪ್ಪಿಗೆ ಒಂದು ಕಪ್ಪು ಎಂಬ ಹಳೆಯ ಅಂದಾಜು ತೂಕದಲ್ಲಿ 70ಕ್ಕೆ 30 ಆಗುತ್ತದೆ. ಕಪ್ಪಿಗೆ ಕಾಲು ಕಪ್ಪು ಎಂದು ಕಣ್ಣಿಗೆ ಕಡಿಮೆ ಅನ್ನಿಸುವ ಆ ಅಕ್ಕಿಹಿಟ್ಟು ಆಗಲೇ ಮೂರನೇ ಒಂದು ಪಾಲಿನ ಹತ್ತಿರ ಹೋಗಿರುತ್ತದೆ. ಹೋಳು ಅದ್ದಿ ಬಿಡುವ ಬಜ್ಜಿಗೆ ನನ್ನ ಮಟ್ಟಿಗೆ ಅಷ್ಟೇ ಮೇಲಿನ ಮಿತಿ.

ಅದರಾಚೆ ಹೋದರೆ ಆಗುವುದೇನು? ಕಡಲೆಹಿಟ್ಟಿನಲ್ಲಿ ಪ್ರೋಟೀನು ಶೇಕಡ 22ರಷ್ಟಿದೆ, ಅಕ್ಕಿಹಿಟ್ಟಿನಲ್ಲಿ 6ರಷ್ಟು. ಹಿಟ್ಟು ಹೋಳಿಗೆ ಅಂಟಿಕೊಳ್ಳುವುದು, ಉಬ್ಬುವುದು, ಬಣ್ಣಕ್ಕೆ ಬರುವುದು ಬಹುಪಾಲು ಕಡಲೆಯಿಂದ. ಅಕ್ಕಿ ನೀರನ್ನು ಅಷ್ಟಾಗಿ ಹಿಡಿದಿಟ್ಟುಕೊಳ್ಳುವುದಿಲ್ಲ, ಬೇಗ ಬಿಟ್ಟುಕೊಟ್ಟು ಒಣಗುತ್ತದೆ. ಅದಕ್ಕೇ ಅದು ಗರಿ ಕೊಡುತ್ತದೆ, ಅದಕ್ಕೇ ಹೆಚ್ಚಾದರೆ ಕೆಡಿಸುತ್ತದೆ ಕೂಡ. ತಣ್ಣೀರಿನಲ್ಲಿ ಅಕ್ಕಿಹಿಟ್ಟು ತಳಕ್ಕೆ ಕೂರುತ್ತದೆ. ಮೊದಲ ನಾಲ್ಕು ಬಜ್ಜಿಗೆ ಕಡಲೆ, ಕೊನೆಯ ನಾಲ್ಕಕ್ಕೆ ಅಕ್ಕಿ ಎಂಬಂತಾಗುತ್ತದೆ. ಆಲೂಗೆಡ್ಡೆಯ ಹೋಳಿನ ಅಂಚಿನಿಂದ ಹಿಟ್ಟು ಜಾರಿ ಅಲ್ಲಲ್ಲಿ ಬೋಳು ಕಂಡರೆ, ಕಚ್ಚಿದಾಗ ಹೊದಿಕೆ ಚಿಪ್ಪಿನಂತೆ ಒಡೆದು ಬೇರೆಯಾದರೆ, ಬಣ್ಣ ಬಿಳಿಚಿಕೊಂಡೇ ಉಳಿದರೆ, ಅಕ್ಕಿ ಹೆಚ್ಚಾಗಿದೆ ಎಂದೇ ತಿಳಿಯಬೇಕು. ಮಿತಿಯೊಳಗೆ ಹಾಕಿದಾಗಲೂ ಪ್ರತಿ ಸಲ ಅದ್ದುವ ಮುಂಚೆ ಒಮ್ಮೆ ಕದಡಬೇಕು.

ಇನ್ನು ನೀರು. ಇದಕ್ಕೆ ಜಾರ್ಜಿಯಾದ ಈರುಳ್ಳಿಗಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು. ಏಪ್ರಿಲ್ ಬಂತೆಂದರೆ ಅಟ್ಲಾಂಟಾದ ಅಂಗಡಿಗಳಲ್ಲೆಲ್ಲ ವಿಡೇಲಿಯಾ ಸಿಹಿ ಈರುಳ್ಳಿಯ ರಾಶಿ. ಅದು ಬೆಳೆಯುವ ಮಣ್ಣಿನಲ್ಲಿ ಗಂಧಕ ಕಡಿಮೆ, ಹಾಗಾಗಿ ಘಾಟೂ ಕಡಿಮೆ. 1986ರ ರಾಜ್ಯ ಕಾನೂನಿನಂತೆ ಗೊತ್ತುಮಾಡಿದ ಪ್ರದೇಶದಲ್ಲಿ ಬೆಳೆದದ್ದಕ್ಕೆ ಮಾತ್ರ ಆ ಹೆಸರು. ಸಿಹಿ ಅಂದಕೂಡಲೇ ಸಕ್ಕರೆ ಹೆಚ್ಚು ಅಂದುಕೊಳ್ಳಬೇಡಿ. ಘಾಟಿಲ್ಲದ್ದರಿಂದ ಇರುವ ಸಿಹಿ ನಾಲಿಗೆಗೆ ಗೊತ್ತಾಗುತ್ತದೆ ಅಷ್ಟೆ. ಹೆಚ್ಚಿರುವುದು ನೀರು. ನಮ್ಮ ಊರಿನ ಸಣ್ಣ ಕೆಂಪು ಈರುಳ್ಳಿಗೆ ಹೊಂದಿಸಿದ ಪಕೋಡದ ಲೆಕ್ಕವನ್ನು ಇದಕ್ಕೆ ಹಚ್ಚಿದರೆ, ಕಲಸಿ ಹತ್ತು ನಿಮಿಷದಲ್ಲಿ ಹಿಟ್ಟು ತೆಳ್ಳಗಾಗಿ ಬಟ್ಟಲಲ್ಲೇ ಹರಿಯತೊಡಗುತ್ತದೆ. ಆಗ ಗಾಬರಿಯಲ್ಲಿ ಮೇಲಿನಿಂದ ಅಕ್ಕಿಹಿಟ್ಟು ಉದುರಿಸುತ್ತಾರೆ. ಸಮಸಮದ ಸೂತ್ರ ಹುಟ್ಟಿದ್ದು ಹೀಗೇ ಎಂದು ನನ್ನ ಗುಮಾನಿ.

ವಿಡೇಲಿಯಾವನ್ನೇ ಬಳಸುವುದಾದರೆ ಹೀಗೆ ಮಾಡಬಹುದು. ಸಿಪ್ಪೆ ತೆಗೆದ ಅರ್ಧ ಕಿಲೊ ಈರುಳ್ಳಿಯನ್ನು ಉದ್ದುದ್ದಕ್ಕೆ ತೆಳ್ಳಗೆ ಹೆಚ್ಚಿ, ಎಸಳು ಬಿಡಿಸಿ, ಒಂದು ಟೀಚಮಚ ಉಪ್ಪು ಸವರಿ ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಹಿಂಡಿ, ಬಂದ ರಸವನ್ನು ಚೆಲ್ಲದೆ ಪಕ್ಕಕ್ಕಿಡಿ. ಒಂದೂವರೆ ಕಪ್ಪು ಕಡಲೆಹಿಟ್ಟು, ಕಪ್ಪಿನ ಮೂರನೇ ಒಂದು ಭಾಗ ಅಕ್ಕಿಹಿಟ್ಟು, ಖಾರದಪುಡಿ, ಓಮಕಾಳು, ಇಂಗು ಬೆರೆಸಿ, ಒಂದು ದೊಡ್ಡ ಚಮಚ ಕಾದೆಣ್ಣೆಯನ್ನು ಒಣ ಹಿಟ್ಟಿಗೇ ಹಾಕಿ ಬೆರಳಲ್ಲಿ ಉಜ್ಜಿ. ಇದನ್ನು ಈರುಳ್ಳಿಗೆ ಕಲಸಿ ಒಂದು ಹಿಡಿ ಅಮುಕಿ ನೋಡಿ. ಮುದ್ದೆ ಕಟ್ಟಿಕೊಂಡು, ಕೈಬಿಟ್ಟರೆ ಉದುರುದುರಾಗಿ ಬಿಚ್ಚಿಕೊಳ್ಳಬೇಕು. ಕಟ್ಟದಿದ್ದರೆ ಆ ಈರುಳ್ಳಿ ರಸವನ್ನೇ ಚಮಚ ಚಮಚವಾಗಿ ಚಿಮುಕಿಸಿ. ರಸದಲ್ಲಿ ಉಪ್ಪಿರುವುದರಿಂದ ಬೇರೆ ಉಪ್ಪನ್ನು ರುಚಿ ನೋಡಿಯೇ ಹಾಕಿ. ನಲ್ಲಿ ನೀರಿನ ಕೆಲಸ ಇಲ್ಲಿಲ್ಲ.

ಕಾದೆಣ್ಣೆಯ ಮಾತಿನಲ್ಲೂ ಇಂಥದೇ ಒಂದು ತಪ್ಪು ನಂಬಿಕೆ ಇದೆ. ನೀರು ಹಾಕಿ ಕಲಸಿದ ಬಜ್ಜಿ ಹಿಟ್ಟಿನ ಮೇಲೆ ಸುರಿದು “ಚುಂಯ್” ಅನ್ನಿಸಿದರೆ ಕೇಳಲು ಚೆಂದ, ಆದರೆ ಆಗಲೇ ನೆನೆದ ಹಿಟ್ಟಿನ ಕಣಕ್ಕೆ ಎಣ್ಣೆ ಹತ್ತುವುದು ಕಷ್ಟ. ಒಣ ಹಿಟ್ಟಿಗೆ ಉಜ್ಜಿದಾಗಲೇ ಅದರ ಕೆಲಸ. ಸೋಡಾದ್ದು ಬೇರೆ ಕಥೆ. ಅದು ಗಾಳಿ ತುಂಬಿ ಉಬ್ಬಿಸುತ್ತದೆ, ಆ ತೂತುಗಳಲ್ಲಿ ಎಣ್ಣೆಯೂ ಕೂರುತ್ತದೆ, ಬಾಣಲೆಯಿಂದ ತೆಗೆದ ಐದು ನಿಮಿಷ ಸೊಗಸಾಗಿದ್ದು ಆಮೇಲೆ ಕುಗ್ಗುತ್ತದೆ. ಅರಿಶಿನ ಹಾಕಿದ ಹಿಟ್ಟಿನಲ್ಲಿ ಕೆಂಪು ಚುಕ್ಕೆ ಕಂಡರೆ ಸೋಡಾ ಸರಿಯಾಗಿ ಕರಗಿಲ್ಲ ಎಂದರ್ಥ.

ನನ್ನ ವಾದಕ್ಕೆ ಎದುರಾಗಿ ಬರುವ ಮಾತೂ ಇದೆ: ಬೆಂಗಳೂರಿನ ಕಾಂಡಿಮೆಂಟ್ಸ್ ಅಂಗಡಿಯ ಗಟ್ಟಿ ಪಕೋಡ, ರೈಲಿನಲ್ಲಿ ಬರುವ ಮದ್ದೂರು ವಡೆ ಗಂಟೆಗಟ್ಟಲೆ ಗರಿಯಾಗಿ ಉಳಿಯುವುದಿಲ್ಲವೇ? ಉಳಿಯುತ್ತವೆ. ಮದ್ದೂರು ವಡೆಯಲ್ಲಿ ಅಕ್ಕಿಹಿಟ್ಟಿನ ಜತೆ ರವೆ, ಮೈದಾ ಇರುತ್ತವೆ, ಕಡಲೆಹಿಟ್ಟಿನ ಮೇಲೆ ನಿಂತ ತಿಂಡಿಯೇ ಅದಲ್ಲ. ಎರಡರಲ್ಲೂ ಜಿಡ್ಡು ಹೆಚ್ಚು, ನೀರು ಕಡಿಮೆ, ನಿಧಾನಕ್ಕೆ ಒಳಗಿನವರೆಗೆ ಒಣಗುವಂತೆ ಕರಿಯುತ್ತಾರೆ. ಒಳಗೆ ನೀರು ತುಂಬಿದ ಹೀರೆಕಾಯಿ ಹೋಳು ಇರುವ ಬಜ್ಜಿಗೆ ಆ ಲೆಕ್ಕ ಹೊಂದದು. ಹುಬ್ಬಳ್ಳಿ, ದಾವಣಗೆರೆ ಕಡೆಯ ಮಂಡಕ್ಕಿ ಜತೆಗಿನ ಮಿರ್ಚಿಯನ್ನು ನೋಡಿ: ದಪ್ಪ ಕಡಲೆಹಿಟ್ಟು, ಚಿಟಿಕೆ ಸೋಡಾ, ಒಳಗೆ ಮೆತ್ತಗೆ. ಅದನ್ನು ಅಲ್ಲೇ ಬಿಸಿಬಿಸಿ ತಿಂದು ಮುಗಿಸುತ್ತಾರೆ, ಯಾರೂ ಗರಿ ಕೇಳುವುದಿಲ್ಲ.

ಅಮೆರಿಕದಲ್ಲಿ ಹಾಗೆ ಅಲ್ಲೇ ತಿನ್ನುವುದು ಕಡಿಮೆ, ತೊಂದರೆಯ ಮೂಲವೂ ಅದೇ. ವಾಷಿಂಗ್ಟನ್ ಪ್ರದೇಶದ ಕಾವೇರಿ ಕನ್ನಡ ಸಂಘದ ಹಬ್ಬಕ್ಕಾಗಲಿ, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟದ ಊಟಕ್ಕಾಗಲಿ ಮನೆಯಲ್ಲಿ ಕರಿದು, ಅಲ್ಯೂಮಿನಿಯಂ ಟ್ರೇಗೆ ತುಂಬಿ, ಮೇಲೆ ಬಿಗಿಯಾಗಿ ಹಾಳೆ ಮುಚ್ಚಿ, ಮುಕ್ಕಾಲು ಗಂಟೆ ಕಾರಿನಲ್ಲಿ ಒಯ್ದರೆ ಒಳಗಿನ ಹಬೆ ಬಜ್ಜಿಯನ್ನು ಬೇಯಿಸುತ್ತಲೇ ಇರುತ್ತದೆ. ಯಾವ ಪ್ರಮಾಣದ ಅಕ್ಕಿಹಿಟ್ಟೂ ಅದನ್ನು ತಡೆಯದು. ಪಕೋಡವನ್ನು ಮನೆಯಲ್ಲಿ 325 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಬಿಳಿಚಿಕೊಂಡಿರುವಾಗಲೇ ತೆಗೆದು, ಜಾಲರಿಯ ಮೇಲೆ ಪೂರ್ತಿ ಆರಿಸಿ, ಹಾಳೆಯನ್ನು ಸಡಿಲವಾಗಿ ಹೊದಿಸಿ ಒಯ್ಯಿರಿ. ಅಲ್ಲಿ ಕರಿಯಲು ಬಿಟ್ಟರೆ 375ರಲ್ಲಿ ಇನ್ನೊಮ್ಮೆ ಒಂದೆರಡು ನಿಮಿಷ. ಬಿಡದಿದ್ದರೆ ಮನೆಯಲ್ಲೇ ಎರಡು ಸಲವೂ ಕರಿದು ಆರಿಸಿ, ಅಲ್ಲಿ 400 ಡಿಗ್ರಿ ಓವನ್ನಿನಲ್ಲಿ ಜಾಲರಿಯ ಮೇಲೆ ಹರವಿ ಆರೇಳು ನಿಮಿಷ ಇಡಿ. ಆಲೂಗೆಡ್ಡೆ ಬಜ್ಜಿಯೂ ಈ ಓವನ್ ಉಪಾಯಕ್ಕೆ ತಕ್ಕಮಟ್ಟಿಗೆ ಬಗ್ಗುತ್ತದೆ. ಹೀರೆಕಾಯಿ ಬಜ್ಜಿ ಬಗ್ಗುವುದಿಲ್ಲ, ಅದನ್ನು ಒಯ್ಯಲೇಬೇಡಿ.