ಯಾರಿಗೆ ಸುದ್ದಿ, ಸ್ವಾಮಿ?

ಕಂಪನಿಗಳು ಪತ್ರಕರ್ತರಿಗೆ ಕಳಿಸೋ ‘ಪ್ರೆಸ್ ಪಿಚ್’ ಕೂಡ ಒಂದು ಬರವಣಿಗೆಯೇ. ಕಥೆ, ಕವಿತೆಗೆ ವಿಮರ್ಶೆ ಇರೋ ಹಾಗೆ ಇದಕ್ಕೂ ಒಂದು ಇರಲಿ. ಇದರಲ್ಲಿ ಇರೋದು ಮೂರೇ ಭಾಗ: ಇದು ಈಗ ಯಾಕೆ ಸುದ್ದಿ, ವಿಷಯ ಚಿಕ್ಕದಾಗಿ ಏನು, ಯಾರ ಜೊತೆ ಮಾತಾಡಬಹುದು. ಹೆಚ್ಚಿನ ಪಿಚ್‌ಗಳು ಮೂರರಲ್ಲೂ ಎಡವುತ್ತವೆ.

ನಮ್ಮ ಜಕ್ಕೂರನ್ನೇ ತಗೊಳ್ಳೋಣ. ಇಲ್ಲಿನ ಕೆರೆಯ ಮೇಲ್ಭಾಗದಲ್ಲಿ ಜಲಮಂಡಳಿಯ ಒಳಚರಂಡಿ ನೀರು ಶುದ್ಧೀಕರಣ ಘಟಕ ಇದೆ. ದಿನಕ್ಕೆ 10 ಎಂಎಲ್‌ಡಿ, ಅಂದ್ರೆ 1 ಕೋಟಿ ಲೀಟರ್ ಲೆಕ್ಕದಲ್ಲಿ ಕಟ್ಟಿದ್ದು. ಅಲ್ಲಿಂದ ಹೊರಬಂದ ನೀರು ಜೊಂಡು ಬೆಳೆದ ಜೌಗು ದಾಟಿ ಕೆರೆ ಸೇರುತ್ತೆ. ಇದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಅಧ್ಯಯನ ಮಾಡಿದೆ. 2024ರ ಮಾರ್ಚ್‌ನಲ್ಲಿ ಊರೆಲ್ಲ ಬೋರ್‌ವೆಲ್ ಬತ್ತಿದಾಗ, ಒಣಗಿದ ಕೆರೆಗಳಿಗೆ ಸಂಸ್ಕರಿಸಿದ ನೀರು ತುಂಬಿಸ್ತೀವಿ ಅಂತ ಜಲಮಂಡಳಿ ಹೇಳಿತಲ್ಲ, ಅದನ್ನೇ ಜಕ್ಕೂರು ವರ್ಷಗಳಿಂದ ಮಾಡ್ತಾ ಬಂದಿತ್ತು.

ಈಗ ನೀರಿನ ಸೆನ್ಸರ್ ಮಾರೋ ಒಂದು ಕಂಪನಿ ಇಲ್ಲಿದೆ ಅಂತ ಕಲ್ಪಿಸಿಕೊಳ್ಳಿ. ಆ ವಾರ ಅದು ನೀರು ಶುದ್ಧೀಕರಣದ ವೃತ್ತಿಪತ್ರಿಕೆಯ ವರದಿಗಾರರಿಗೆ ಬರೆಯುತ್ತೆ: ‘ನಮ್ಮ ಕ್ರಾಂತಿಕಾರಿ ಸಾಧನ ಕೆರೆಯ ಬಿಒಡಿಯನ್ನು ಕ್ಷಣಕ್ಷಣಕ್ಕೂ ಅಳೆಯುತ್ತೆ. ನಮ್ಮ ಸಂಸ್ಥಾಪಕರು ಸಂದರ್ಶನಕ್ಕೆ ಲಭ್ಯ.’

ಈ ಮೇಲ್ ಮೊದಲ ಸಾಲಿಗೇ ಸತ್ತುಹೋಗುತ್ತೆ. ಆ ಪತ್ರಿಕೆ ಓದೋರು ಘಟಕ ನಡೆಸೋ ಎಂಜಿನಿಯರ್‌ಗಳು, ಕಂಟ್ರಾಕ್ಟರ್‌ಗಳು, ಅಪಾರ್ಟ್‌ಮೆಂಟ್ ಎಸ್‌ಟಿಪಿ ನೋಡ್ಕೊಳ್ಳೋರು. ಬಿಒಡಿ ಅಂದ್ರೆ ಕೊಳೆ ಕರಗಿಸೋಕೆ ಸೂಕ್ಷ್ಮಜೀವಿಗಳಿಗೆ ಬೇಕಾದ ಆಮ್ಲಜನಕದ ಲೆಕ್ಕ. ಲ್ಯಾಬಿನ ಬಾಟಲಿಯಲ್ಲಿ ನೀರಿಟ್ಟು ದಿನಗಟ್ಟಲೆ ಕಾಯ್ಬೇಕು. ಸೆನ್ಸರ್ ಬೇರೇನನ್ನೋ ಅಳೆದು ಬಿಒಡಿಯನ್ನು ಅಂದಾಜು ಮಾಡುತ್ತೆ ಅಷ್ಟೇ. ‘ಅಂದಾಜು’ ಅನ್ನೋ ಒಂದು ಪದ ಬಿಟ್ಟಿದ್ದಕ್ಕೆ, ಮಿಕ್ಕ ಸಾಲುಗಳನ್ನೂ ಅವರು ನಂಬೋದಿಲ್ಲ.

ಹಾಗಾದ್ರೆ ಸುದ್ದಿ ಎಲ್ಲಿದೆ? ರಾತ್ರಿಯಲ್ಲಿ. ಗೊಬ್ಬರದಂಥ ಪೋಷಕಾಂಶ ಉಳಿದ ನೀರಲ್ಲಿ ಪಾಚಿ ಹೆಚ್ಚುತ್ತೆ. ಬಿಸಿಲಿದ್ದಾಗ ಪಾಚಿ ಆಮ್ಲಜನಕ ಬಿಡುತ್ತೆ, ಕತ್ತಲಾದ ಮೇಲೆ ಅದೂ ಉಸಿರಾಡಿ ಖರ್ಚು ಮಾಡುತ್ತೆ. ಹಾಗಾಗಿ ಮಧ್ಯಾಹ್ನ ಮೂರಕ್ಕೆ ನೀರು ಎತ್ತಿ ನೋಡಿದ್ರೆ ಕೆರೆ ಚೆನ್ನಾಗಿ ಕಾಣಬಹುದು. ಮೀನು ಸಾಯೋದು ಕೋಳಿ ಕೂಗೋ ಹೊತ್ತಿಗೆ. ಕರಗಿದ ಆಮ್ಲಜನಕವನ್ನು ಸೆನ್ಸರ್ ನೇರವಾಗಿ, ಇಡೀ ರಾತ್ರಿ ಅಳೆಯಬಲ್ಲದು. ಊರಿನ ಕೆರೆಗಳನ್ನು ಸಂಸ್ಕರಿಸಿದ ನೀರಿಂದ ತುಂಬಿಸೋಕೆ ಹೊರಟಾಗ, ನಸುಕಿನ ಅಳತೆ ಯಾರ ಹತ್ತಿರ ಇದೆ ಅನ್ನೋದೇ ಸುದ್ದಿ.

ಅದನ್ನು ಹೀಗೆ ಬರೀಬಹುದು:

‘ನಮಸ್ಕಾರ. ಕೆರೆಗಳಿಗೆ ಸಂಸ್ಕರಿಸಿದ ನೀರು ತುಂಬಿಸೋ ಯೋಜನೆ ಬಗ್ಗೆ ನೀವು ಬರೀತಿದ್ದೀರಿ. ಇದೇ ವ್ಯವಸ್ಥೆ ಇರುವ ಜಕ್ಕೂರು ಕೆರೆಯಲ್ಲಿ ಕರಗಿದ ಆಮ್ಲಜನಕವನ್ನು ಮೂರು ತಿಂಗಳು, ಹಗಲು ರಾತ್ರಿ, ಒಂದು ಜಾಗದಲ್ಲಿ ಅಳೆದಿದ್ದೇವೆ. ಹಗಲಿನ ಮಾದರಿಗೂ ನಸುಕಿನ ಅಳತೆಗೂ ಇರುವ ಅಂತರ ಲಗತ್ತಿಸಿದ ಹಾಳೆಯಲ್ಲಿದೆ. ರಾಜಕಾಲುವೆಯಿಂದ ಬರುವ ಕೊಳಚೆಯ ಪಾಲು ಎಷ್ಟೆಂದು ಈ ಅಳತೆಯಿಂದ ತಿಳಿಯುವುದಿಲ್ಲ. ಸೆನ್ಸರ್ ನಮ್ಮದೇ. ಅಳತೆ ಮಾಡಿದ ಎಂಜಿನಿಯರ್ ಗುರುವಾರ ಬೆಳಿಗ್ಗೆ ಆರಕ್ಕೆ ಕೆರೆ ಏರಿ ಮೇಲೆ ಸಿಗುತ್ತಾರೆ, ಫೋನಿನಲ್ಲಾದರೂ ಸರಿ.’

ಹೊಗಳಿಕೆ ಎಲ್ಲೂ ಇಲ್ಲ. ಒಂದೇ ಜಾಗ, ಮೂರೇ ತಿಂಗಳು ಅನ್ನೋ ಮಿತಿ ಒಳಗೇ ಇದೆ. ಬಚ್ಚಿಟ್ಟಿದ್ರೆ ವರದಿಗಾರರು ಮೊದಲ ಫೋನಲ್ಲೇ ಹೊರಗೆ ಎಳೀತಿದ್ರು. ‘ಸೆನ್ಸರ್ ನಮ್ಮದೇ’ ಅಂದಿದ್ದರಿಂದ ಯಾರ ಲಾಭ ಅನ್ನೋದೂ ಸ್ಪಷ್ಟ. ಮಾತಿಗೆ ಮುಂದಿಟ್ಟಿರೋದು ಸಂಸ್ಥಾಪಕರನ್ನಲ್ಲ, ಅಂಕಿ ಗೊತ್ತಿರೋ ಎಂಜಿನಿಯರನ್ನ. ‘ಸೆನ್ಸರ್‌ಗೆ ಪಾಚಿ ಕಟ್ಟಿದಾಗ ಏನ್ ಮಾಡಿದ್ರಿ?’ ಅಂತ ಕೇಳಿದ್ರೆ ಉತ್ತರ ಬರೋದು ಅವರಿಂದಲೇ. ಜಲಮಂಡಳಿ ಅಧಿಕಾರಿಯೂ ಸಿಗ್ತಾರೆ ಅಂತ ಅವರನ್ನು ಕೇಳದೆ ಬರೆದುಬಿಡೋ ಚಾಳಿಯೂ ಇಲ್ಲಿಲ್ಲ.

ಯಾವುದೇ ಪಿಚ್ ಓದುವಾಗ ಒಂದು ಪರೀಕ್ಷೆ ಮಾಡಿ. ಕಂಪನಿಯ ಹೆಸರು, ‘ನಮ್ಮ’ ಅನ್ನೋದು ಎಲ್ಲ ಅಳಿಸಿ. ಮೊದಲನೆಯದರಲ್ಲಿ ಏನೂ ಉಳಿಯಲ್ಲ. ಎರಡನೆಯದರಲ್ಲಿ ಕೆರೆ, ಕಾಲ, ಅಳತೆ, ಒಂದು ಪ್ರಶ್ನೆ ಉಳಿಯುತ್ತೆ. ಅದಕ್ಕೂ ಉತ್ತರ ಬರದೇ ಹೋಗಬಹುದು. ಬಂದರೆ, ವರದಿಗಾರರು ಮಂಡಳಿಯನ್ನೂ, ಬಲೆ ಹಾಕೋ ಮೀನುಗಾರರನ್ನೂ ಮಾತಾಡಿಸಿ, ಕಂಪನಿಗೆ ಇಷ್ಟವಾಗದ ಸಾಲನ್ನೂ ಬರೀತಾರೆ. ಅಷ್ಟಕ್ಕೆ ಒಪ್ಪದವರು ದುಡ್ಡು ಕೊಟ್ಟು ಜಾಹೀರಾತು ಹಾಕಿಸಲಿ. ಆ ಪುಟ ಬೇರೆ ಇದೆ.