ತಕ್ಕದ್ದು, ಬಹುದು, ಸರ್ವಪ್ರಯತ್ನ: ಕರಾರುಗಳ ಕನ್ನಡದಲ್ಲಿ ವಿಧ್ಯರ್ಥದ ಅನುವಾದ

ಇಂಗ್ಲಿಷ್ ಕರಾರುಗಳನ್ನು ಕನ್ನಡಕ್ಕೆ ತರುವವರಲ್ಲಿ ಒಂದು ಸಮೀಕರಣ ರೂಢಿಯಾಗಿದೆ. 'ಶಲ್' ಎಂದಿದ್ದರೆ 'ತಕ್ಕದ್ದು', 'ಮೇ' ಎಂದಿದ್ದರೆ 'ಬಹುದು', 'ಬೆಸ್ಟ್ ಎಂಡೆವರ್ಸ್' ಎಂದಿದ್ದರೆ 'ಅತ್ಯುತ್ತಮ ಪ್ರಯತ್ನ'. ಸಂವಿಧಾನದ ಕನ್ನಡ ಆವೃತ್ತಿಯೂ ರಾಜ್ಯದ ಅಧಿನಿಯಮಗಳೂ ಮೊದಲೆರಡು ಜೋಡಿಗಳನ್ನು ಸ್ಥಿರಗೊಳಿಸಿವೆ. ಕರಾರಿನಲ್ಲಿ ಈ ಸಮೀಕರಣ ಎಲ್ಲಿ ಸೋಲುತ್ತದೆ, ಏಕೆ ಸೋಲುತ್ತದೆ ಎಂಬುದು ಈ ಲೇಖನದ ಪ್ರಶ್ನೆ. ಸೋಲಿಗೆ ಕನ್ನಡದ ಬಡತನ ಕಾರಣವಲ್ಲ. ಪದಕ್ಕೆ ಪದ ಹೊಂದಿಸುವಾಗ ಹೊಣೆ ಯಾರದು, ನಿಷೇಧದ ವ್ಯಾಪ್ತಿ ಯಾವುದು ಎಂಬ ಎರಡು ಪ್ರಶ್ನೆಗಳನ್ನು ಅನುವಾದಕರು ಕೇಳಿಕೊಳ್ಳದಿರುವುದೇ ಕಾರಣ.

ಚರ್ಚೆಗಾಗಿ ನಾನು ಒಂದು ಮಾದರಿ ಕರಾರನ್ನು ರಚಿಸಿಕೊಂಡಿದ್ದೇನೆ. ಕೊಪ್ಪ ತಾಲ್ಲೂಕಿನ ಬಸರೀಕಟ್ಟೆಯ ಬೆಳೆಗಾರರೊಬ್ಬರು ಕಾಫಿ ತೋಟದ ಅಂಚಿನ ಕೆಲವು ಗುಂಟೆ ಜಾಗವನ್ನು ಮೊಬೈಲ್ ಟವರ್‌ಗಾಗಿ ಕಂಪನಿಯೊಂದಕ್ಕೆ ಗುತ್ತಿಗೆಗೆ ಕೊಡುತ್ತಾರೆ ಎಂದುಕೊಳ್ಳೋಣ. ಮೂಲ ಇಂಗ್ಲಿಷಿನಲ್ಲಿದೆ, ಬೆಳೆಗಾರರು ಓದಿ ಸಹಿ ಹಾಕುವುದು ಕನ್ನಡ ಅನುವಾದವನ್ನು ನಂಬಿ.

ಮೊದಲ ಷರತ್ತು ಟವರ್‌ಗೆ ಹೋಗುವ ಮಣ್ಣಿನ ದಾರಿಯದು. ಮೂಲದಲ್ಲಿ ಕರ್ಮಣಿ ಪ್ರಯೋಗವಿದೆ; ದಾರಿಯು ಪ್ರತಿ ಮಳೆಗಾಲದ ನಂತರ ಕಂಪನಿಯಿಂದ ದುರಸ್ತಿಗೊಳ್ಳಬೇಕು ಎಂಬುದು ಅದರ ಅರ್ಥ. ಕನ್ನಡಕ್ಕೆ ಕರ್ಮಣಿ ಒಗ್ಗದು. ಹಾಗಾಗಿ ಅನುವಾದಕರು 'ಪ್ರತಿ ಮಳೆಗಾಲದ ನಂತರ ದಾರಿಯನ್ನು ದುರಸ್ತಿ ಮಾಡತಕ್ಕದ್ದು' ಎಂದು ಬರೆಯುತ್ತಾರೆ. ವಾಕ್ಯ ಸಹಜವಾಗಿದೆ, ವ್ಯಾಕರಣಶುದ್ಧವೂ ಆಗಿದೆ. ಆದರೆ ಅದರಲ್ಲಿ ಕರ್ತೃವಿಲ್ಲ.

ಇದಕ್ಕೆ ಕಾರಣ 'ತಕ್ಕದ್ದು' ಎಂಬ ರೂಪದ ರಚನೆಯಲ್ಲೇ ಇದೆ. ಅದು 'ತಗು' ಧಾತುವಿನ 'ತಕ್ಕ' ಎಂಬ ಕೃದಂತಕ್ಕೆ ನಪುಂಸಕ ಏಕವಚನದ 'ಅದು' ಸೇರಿ ಆದ ನಾಮರೂಪ. ಕರ್ತೃ ಯಾರೇ ಆಗಿರಲಿ, 'ನಾನು ಮಾಡತಕ್ಕದ್ದು', 'ಅವರು ಮಾಡತಕ್ಕದ್ದು' ಎಂದು ರೂಪ ಒಂದೇ. 'ಮಾಡುತ್ತೇನೆ', 'ಮಾಡುತ್ತಾರೆ' ಎಂಬ ಕ್ರಿಯಾಪದಗಳು ಪ್ರತ್ಯಯದಲ್ಲೇ ಕರ್ತೃವನ್ನು ಹೊತ್ತಿರುವುದರಿಂದ ಕರ್ತೃಪದ ಬಿಟ್ಟುಹೋದರೂ ಓದುಗನಿಗೆ ಸುಳಿವು ಉಳಿಯುತ್ತದೆ. 'ತಕ್ಕದ್ದು' ಆ ಸುಳಿವನ್ನು ಕೊಡದು. 'ಬೇಕು', 'ಬಹುದು' ಸಹ ಕೊಡವು. ಮಲೆನಾಡಿನ ಮಳೆಗೆ ದಾರಿ ಕೊಚ್ಚಿಹೋದಾಗ ದುರಸ್ತಿಯ ಖರ್ಚು ಯಾರ ತಲೆಗೆ ಬರುತ್ತದೆ ಎಂಬುದು ಈ ವ್ಯಾಕರಣ ಸಂಗತಿಯನ್ನೇ ಅವಲಂಬಿಸಿದೆ. ಆದ್ದರಿಂದ ಕರಾರಿನಲ್ಲಿ 'ತಕ್ಕದ್ದು' ಬರುವ ಪ್ರತಿ ವಾಕ್ಯಕ್ಕೂ ಪ್ರಥಮಾ ವಿಭಕ್ತಿಯ ಕರ್ತೃಪದ ಇರಲೇಬೇಕು: 'ಕಂಪನಿಯು ತನ್ನ ಖರ್ಚಿನಲ್ಲಿ ದುರಸ್ತಿ ಮಾಡತಕ್ಕದ್ದು'. 'ತನ್ನ ಖರ್ಚಿನಲ್ಲಿ' ಎಂಬುದು ಮೂಲದಲ್ಲಿ ಇಲ್ಲದಿದ್ದರೆ ಅದನ್ನು ಸೇರಿಸುವ ಅಧಿಕಾರ ಅನುವಾದಕರಿಗಿಲ್ಲ. ಕರ್ತೃವನ್ನೇ ಮೂಲ ಹೇಳದಿದ್ದರೆ ಊಹಿಸಿ ತುಂಬದೆ ಕರಾರು ಬರೆದವರನ್ನು ಕೇಳಬೇಕು.

ಇದರ ಇನ್ನೊಂದು ಮುಖವೂ ಇದೆ. ಎಲ್ಲ 'ಶಲ್' ಕರ್ತವ್ಯವನ್ನು ಹೇಳುವುದಿಲ್ಲ. 'ಈ ಕರಾರು ಸಹಿಯಾದ ದಿನದಿಂದ ಜಾರಿಗೆ ಬರತಕ್ಕದ್ದು' ಎಂಬಲ್ಲಿ ಕರಾರಿಗೆ ಕರ್ತವ್ಯವಿರಲು ಸಾಧ್ಯವಿಲ್ಲ, ಅದೊಂದು ಘೋಷಣೆ. ಅಧಿನಿಯಮಗಳ ಕನ್ನಡ ಇಲ್ಲೂ 'ತಕ್ಕದ್ದು' ಬಳಸುತ್ತದೆ, ಕರಾರುಗಳು ಅದನ್ನು ಅನುಕರಿಸುತ್ತವೆ. ಪರಿಣಾಮವಾಗಿ ನಿಜವಾದ ಹೊಣೆಯನ್ನು ಹೇಳುವ 'ತಕ್ಕದ್ದು' ತನ್ನ ತೂಕ ಕಳೆದುಕೊಳ್ಳುತ್ತದೆ. ಪರೀಕ್ಷೆ ಸರಳ: 'ಇದು ತಪ್ಪಿದರೆ ಯಾರ ಮೇಲೆ ದಾವೆ ಹೂಡಬಹುದು?' ಎಂದು ಕೇಳಬೇಕು. ಉತ್ತರವಿದ್ದರೆ 'ತಕ್ಕದ್ದು', ಇಲ್ಲದಿದ್ದರೆ 'ಜಾರಿಗೆ ಬರುತ್ತದೆ' ಎಂಬ ಸರಳ ಕ್ರಿಯಾಪದ ಸಾಕು.

ಎರಡನೆಯ ಷರತ್ತು ನೆರಳು ಮರಗಳದು. ಮೂಲದಲ್ಲಿ 'ಮೇ ನಾಟ್' ಇದೆ. ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಕಂಪನಿ ಮರ ಕಡಿಯಕೂಡದು ಎಂಬುದು ಉದ್ದೇಶ. 'ಮೇ' ಎಂದರೆ 'ಬಹುದು' ಎಂಬ ಸಮೀಕರಣಕ್ಕೆ ನಿಷೇಧವನ್ನು ಯಾಂತ್ರಿಕವಾಗಿ ಜೋಡಿಸಿದರೆ 'ಕಡಿಯದಿರಬಹುದು' ಎಂದಾಗುತ್ತದೆ. ಈಗ ಅರ್ಥ ತಲೆಕೆಳಗು: ಕಡಿಯದೆ ಇರಲು ಕಂಪನಿಗೆ ಅನುಮತಿಯಿದೆ, ಅಥವಾ ಅದು ಕಡಿಯದೆ ಇರುವ ಸಂಭವವಿದೆ. ಇಂಗ್ಲಿಷಿನಲ್ಲಿ ನಿಷೇಧವು ಅನುಮತಿಯನ್ನು ಆವರಿಸಿದೆ. ಈ ಕನ್ನಡದಲ್ಲಿ ಅನುಮತಿಯು ನಿಷೇಧವನ್ನು ಆವರಿಸಿದೆ. ಕನ್ನಡದಲ್ಲಿ 'ಬಹುದು' ಎಂಬುದರ ನಿಷೇಧ 'ಬಾರದು' ಎಂಬ ಬೇರೆಯೇ ರೂಪ. ಇವೆರಡೂ 'ಬರ್' ಧಾತುವಿನಿಂದ ಬಂದವು ಎಂಬುದು ಇಂದಿನ ಕಿವಿಗೆ ತಿಳಿಯದಿರುವುದರಿಂದ ಅನುವಾದಕರು ಜೋಡಿಯನ್ನು ಮರೆಯುತ್ತಾರೆ. 'ಕಡಿಯಬಾರದು', 'ಕಡಿಯಕೂಡದು', 'ಕಡಿಯತಕ್ಕದ್ದಲ್ಲ' ಈ ಮೂರೂ ಸರಿ. ಕರಾರಿನ ಉದ್ದಕ್ಕೂ ಒಂದನ್ನೇ ಬಳಸಬೇಕು, ಇಲ್ಲದಿದ್ದರೆ ರೂಪಭೇದದಲ್ಲಿ ಅರ್ಥಭೇದವನ್ನು ಹುಡುಕುವ ವಕೀಲರಿಗೆ ದಾರಿಯಾಗುತ್ತದೆ.

ಹಾಗೆಂದು 'ಬಹುದು' ಸಡಿಲವೆಂದು ಭಾವಿಸಿ ಬಿಗಿಗೊಳಿಸುವುದೂ ತಪ್ಪು. ವೆಲ್ಲಿಂಗ್ಟನ್ ಅಸೋಸಿಯೇಟ್ಸ್ ವಿರುದ್ಧ ಕಿರಿಟ್ ಮೆಹ್ತಾ ಪ್ರಕರಣ (2000) ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ವಿವಾದವನ್ನು ಮಧ್ಯಸ್ಥಿಕೆಗೆ ಒಪ್ಪಿಸುವ ಷರತ್ತಿನಲ್ಲಿದ್ದ 'ಮೇ' ಕಡ್ಡಾಯವಲ್ಲವೆಂದು, ಆದ್ದರಿಂದ ಅಲ್ಲಿ ಮಧ್ಯಸ್ಥಿಕೆಯ ಒಪ್ಪಂದವೇ ಇಲ್ಲವೆಂದು ತೀರ್ಮಾನವಾಯಿತು. ಅಂಥ ಷರತ್ತನ್ನು 'ಒಪ್ಪಿಸತಕ್ಕದ್ದು' ಎಂದು ಅನುವಾದಿಸಿದವರು ಮೂಲದಲ್ಲಿಲ್ಲದ ಒಪ್ಪಂದವನ್ನು ಸೃಷ್ಟಿಸಿದಂತೆ. ಅಲ್ಲಿ 'ಒಪ್ಪಿಸಬಹುದು' ಎಂಬುದೇ ಪ್ರಾಮಾಣಿಕ ಅನುವಾದ, ಅದರ ದೌರ್ಬಲ್ಯವೂ ಸೇರಿ.

ಮೂರನೆಯದು ಅತ್ಯಂತ ಕಠಿಣ. ಭೂಕುಸಿತದಿಂದ ದಾರಿ ಮುಚ್ಚಿದರೆ ಏಳು ದಿನಗಳೊಳಗೆ ತೆರವುಗೊಳಿಸಲು ಕಂಪನಿಯು 'ಬೆಸ್ಟ್ ಎಂಡೆವರ್ಸ್' ಬಳಸಬೇಕೆಂದು ಮಾದರಿ ಕರಾರು ಹೇಳುತ್ತದೆ. 'ಪ್ರಯತ್ನಿಸತಕ್ಕದ್ದು' ಎಂದರೆ ಸಾಲದು. ನಮ್ಮ ವ್ಯವಹಾರದಲ್ಲಿ 'ನೋಡೋಣ, ಪ್ರಯತ್ನ ಮಾಡ್ತೀನಿ' ಎಂಬುದು ಬಹುಮಟ್ಟಿಗೆ ಸೌಜನ್ಯದ ನಿರಾಕರಣೆ. 'ಅತ್ಯುತ್ತಮ ಪ್ರಯತ್ನ' ಎಂಬುದು ಪ್ರಯತ್ನದ ಗುಣವನ್ನು ಹೊಗಳುತ್ತದೆ, ಅದರ ವ್ಯಾಪ್ತಿಯನ್ನು ನಿಗದಿಪಡಿಸುವುದಿಲ್ಲ. 'ಶಕ್ತಿಮೀರಿ' ಎಂಬುದು ಇನ್ನೊಂದು ತುದಿ. ಶಕ್ತಿಯನ್ನು ಮೀರಿದ್ದನ್ನು ಯಾವ ಕರಾರೂ ಕೇಳುವುದಿಲ್ಲ.

ಇಂಗ್ಲಿಷ್ ನ್ಯಾಯಾಲಯಗಳು ಈ ಪದಗುಚ್ಛಕ್ಕೆ ಕೊಟ್ಟ ಅರ್ಥ ಇಲ್ಲಿ ನೆರವಾಗುತ್ತದೆ. ಐಬಿಎಂ ವಿರುದ್ಧ ರಾಕ್‌ವೇರ್ ಗ್ಲಾಸ್ (1980) ಪ್ರಕರಣದಲ್ಲಿ ಅಳತೆಗೋಲಾದದ್ದು, ಅದೇ ಫಲವನ್ನು ತನ್ನ ಹಿತಕ್ಕಾಗಿ ಬಯಸುವ ವಿವೇಕಿಯೂ ದೃಢಚಿತ್ತನೂ ಆದ ವ್ಯಕ್ತಿ ಕೈಗೊಳ್ಳುವ ಸಮಂಜಸ ಕ್ರಮಗಳು. ಜೆಟ್2 ವಿರುದ್ಧ ಬ್ಲ್ಯಾಕ್‌ಪೂಲ್ ವಿಮಾನ ನಿಲ್ದಾಣ (2012) ಪ್ರಕರಣದಲ್ಲಿ ಈ ಹೊಣೆ ಹೊತ್ತವರು ಕೆಲಮಟ್ಟಿಗೆ ನಷ್ಟವನ್ನೂ ಸಹಿಸಬೇಕಾಗಬಹುದೆಂದು ಸ್ಪಷ್ಟವಾಯಿತು. ಅಂದರೆ ಇದು ಫಲದ ಭರವಸೆಯಲ್ಲ, ಬರಿಯ ಸದುದ್ದೇಶವೂ ಅಲ್ಲ, ಕ್ರಮಗಳ ಹೊಣೆ. ಆದ್ದರಿಂದ 'ಸರ್ವಪ್ರಯತ್ನ' ಎಂಬ ಒಂದೇ ಪದವನ್ನು ಆಯ್ದುಕೊಂಡು, 'ವಿವೇಕಿಯೂ ದೃಢಚಿತ್ತನೂ ಆದ ವ್ಯಕ್ತಿಯು ತನ್ನದೇ ಹಿತಕ್ಕಾಗಿ ಕೈಗೊಳ್ಳುತ್ತಿದ್ದ ಎಲ್ಲ ಸಮಂಜಸ ಕ್ರಮಗಳನ್ನು ಕೈಗೊಳ್ಳುವುದು' ಎಂಬ ಅರ್ಥವನ್ನು ಅದಕ್ಕೆ ವ್ಯಾಖ್ಯೆಯಾಗಿ ಕೊಡಬಹುದು. 'ರೀಸನಬಲ್ ಎಂಡೆವರ್ಸ್' ಎಂಬ ಹಗುರ ಹೊಣೆಗೆ 'ಸಮಂಜಸ ಪ್ರಯತ್ನ' ಎಂಬ ಬೇರೆ ಪದವನ್ನು ಮೀಸಲಿಡಬೇಕು.

ಈ ವ್ಯಾಖ್ಯೆಗೂ ಮಿತಿಯಿದೆ. ಮೂಲದಲ್ಲಿಲ್ಲದ ವ್ಯಾಖ್ಯೆಯನ್ನು ಅನುವಾದಕರು ಸ್ವತಃ ಕರಾರಿನೊಳಗೆ ಸೇರಿಸಲಾಗದು. ಎರಡೂ ಪಕ್ಷಗಳು ಒಪ್ಪಬೇಕು. ಒಪ್ಪದಿದ್ದರೆ 'ಸರ್ವಪ್ರಯತ್ನ' ಎಂಬ ಪದವಷ್ಟೇ ಉಳಿಯುತ್ತದೆ, ಮತ್ತು ಯಾವ ಭಾಷೆಯ ಪಾಠ ಅಂತಿಮ ಎಂಬ ಷರತ್ತು ಎಲ್ಲವನ್ನೂ ನಿರ್ಧರಿಸುತ್ತದೆ. ಇಂಗ್ಲಿಷ್ ಪಾಠವೇ ಅಂತಿಮವೆಂದಿದ್ದರೆ 'ಕಡಿಯದಿರಬಹುದು' ಎಂಬ ತಪ್ಪು ಮರಗಳನ್ನು ಕಂಪನಿಗೆ ಬಿಟ್ಟುಕೊಡುವುದಿಲ್ಲ. ಆದರೆ ಬೆಳೆಗಾರರು ತಾವು ಒಪ್ಪಿದ್ದೇನೆಂದು ತಿಳಿಯದೆ ಸಹಿ ಹಾಕಿರುತ್ತಾರೆ. ಕನ್ನಡವೇ ಅಂತಿಮವೆಂದಿದ್ದರೆ ಒಂದು ತಪ್ಪು ಪ್ರತ್ಯಯಕ್ಕೆ ಮರಗಳನ್ನೇ ತೆರಬೇಕಾದೀತು.